ಫೋನಿನಲ್ಲಿ ಕಡ್ಡಿ ಫುಲ್, ಆದರೂ ನೆಟ್ ನಿಧಾನ: ಮೆಶ್ ನೋಡ್ ಇಟ್ಟ ಜಾಗದ ದೋಷ ಹುಡುಕುವುದು ಹೇಗೆ

ಮೆಶ್ ವೈಫೈ ಹಾಕಿಸಿದ್ದೀರಿ, ಅಂದರೆ ಒಂದೇ ವೈಫೈಯನ್ನು ಮನೆ ಪೂರ್ತಿ ಹಂಚುವ ಎರಡು ಮೂರು ಡಬ್ಬಿ, ಒಂದೊಂದು ಡಬ್ಬಿಗೂ ನೋಡ್ ಅಂತ ಹೆಸರು. ಮೇಲಿನ ಮಹಡಿಯಲ್ಲಿ ಫೋನ್ ತೆಗೆದು ನೋಡಿದರೆ ವೈಫೈ ಕಡ್ಡಿಗಳು ಪೂರ್ತಿ ಇವೆ. ಆದರೆ ವಿಡಿಯೋ ಕಾಲ್‌ನಲ್ಲಿ ಎದುರಿನವರ ಮುಖ ಹಾಗೇ ನಿಂತುಬಿಡುತ್ತದೆ, ಮಾತು ತುಂಡು ತುಂಡಾಗಿ ಕೇಳಿಸುತ್ತದೆ, ಒಂದು ಫೋಟೋ ಕಳಿಸಲು ಎರಡು ನಿಮಿಷ ಕಾಯಬೇಕು. ಕೆಳಗೆ ಹಾಲ್‌ಗೆ ಇಳಿದು ಬಂದರೆ ಎಲ್ಲ ಸರಿ ಇರುತ್ತದೆ. ಇಂಥ ಲಕ್ಷಣ ಕಂಡರೆ ಡಬ್ಬಿ ಕೆಟ್ಟಿದೆ ಅಂತ ಅಂಗಡಿಗೆ ಹೊರಡಬೇಡಿ. ಮೊದಲು ಆ ನೋಡ್ ಯಾವ ಜಾಗದಲ್ಲಿ ಕೂತಿದೆ ಅಂತ ಪರೀಕ್ಷೆ ಮಾಡಿ. ನಾನು ನೋಡಿರುವ ಮನೆಗಳಲ್ಲಿ ಬಹುಪಾಲು ಕಡೆ ದೋಷ ಅಲ್ಲೇ ಇತ್ತು.

ತಪ್ಪು ಹೇಗೆ ಆಗುತ್ತದೆ ಅಂದರೆ, ಸಿಗ್ನಲ್ ಬಾರದ ರೂಮಿಗೇ ನೋಡ್ ಬೇಕು ಅಲ್ವಾ ಅಂತ ಎಲ್ಲರಿಗೂ ಅನ್ನಿಸುತ್ತದೆ. ಹಾಗಾಗಿ ಡಬ್ಬಿಯನ್ನು ಆ ರೂಮಿನ ಮೇಜಿನ ಮೇಲೇ ಇಡುತ್ತಾರೆ. ಆದರೆ ನೋಡ್ ತಾನಾಗಿ ಇಂಟರ್‌ನೆಟ್ ಹುಟ್ಟಿಸುವುದಿಲ್ಲ. ಹಿಂದಿನ ನೋಡ್‌ನಿಂದ ಪಡೆದದ್ದನ್ನು ಮುಂದಕ್ಕೆ ಕೊಡುತ್ತದೆ, ಅಷ್ಟೇ. ನಿಮ್ಮ ಫೋನಿಗೆ ಸಿಗ್ನಲ್ ಬಾರದ ಜಾಗದಲ್ಲಿ ಆ ಡಬ್ಬಿಗೂ ಸಿಗ್ನಲ್ ಸರಿಯಾಗಿ ಬರುವುದಿಲ್ಲ. ನೋಡ್‌ನ ಆಂಟೆನಾ ಫೋನಿನದಕ್ಕಿಂತ ಸ್ವಲ್ಪ ಚೆನ್ನಾಗಿರುತ್ತದೆ ನಿಜ, ಆದರೆ ಅದರಿಂದ ಕಾಂಕ್ರೀಟ್ ಏನೂ ಕರಗುವುದಿಲ್ಲ.

ಮನೆಯ ಸಂಪನ್ನೇ ನೆನೆಸಿಕೊಳ್ಳಿ. ಬೀದಿಯ ಪೈಪಿನಿಂದ ಸಂಪಿಗೆ ನೀರು ನೂಲಿನಷ್ಟು ಸಣ್ಣಗೆ ಬೀಳುತ್ತಿದ್ದರೆ ಬಚ್ಚಲಿನ ನಲ್ಲಿ ಎಷ್ಟು ದೊಡ್ಡದಿದ್ದು ಏನು ಪ್ರಯೋಜನ? ಫೋನಿನ ಮೇಲೆ ಕಾಣುವ ಕಡ್ಡಿಗಳು ಆ ನಲ್ಲಿಯ ಸೈಜು ಮಾತ್ರ. ಅವು ನಿಮ್ಮ ಫೋನಿಗೂ ಪಕ್ಕದ ನೋಡ್‌ಗೂ ನಡುವಿನ ಸಿಗ್ನಲ್ ಹೇಳುತ್ತವೆ. ಆ ನೋಡ್‌ಗೂ ಅದರ ಹಿಂದಿನ ನೋಡ್‌ಗೂ ನಡುವೆ ಇರುವ ದಾರಿಯ ಬಗ್ಗೆ ಏನೂ ಹೇಳುವುದಿಲ್ಲ. ಆ ದಾರಿಗೆ ಬ್ಯಾಕ್‌ಹಾಲ್ ಅಂತ ಹೆಸರು. ನಾವು ಪರೀಕ್ಷೆ ಮಾಡಬೇಕಾದದ್ದು ಅದನ್ನು.

ಮೊದಲು, ದೋಷ ಬ್ಯಾಕ್‌ಹಾಲ್‌ನದೇ ಅಂತ ಖಚಿತ ಮಾಡಿಕೊಳ್ಳಿ

ವಿಜಯನಗರದಲ್ಲಿರುವ ನಮ್ಮ ದೊಡ್ಡಮ್ಮನ ಮನೆಯ ಕಥೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಬೆಂಗಳೂರಿನಲ್ಲಿ ಇಂಥ ಮನೆ ಬೀದಿಗೆ ಹತ್ತು ಇವೆ, ನಿಮ್ಮದೂ ಹೀಗೇ ಇರಬಹುದು. 30×40 ಸೈಟು, ಕೆಳಗೆ ದೊಡ್ಡಮ್ಮ ದೊಡ್ಡಪ್ಪ, ಮೊದಲ ಮಹಡಿಯಲ್ಲಿ ಅಣ್ಣ ಅತ್ತಿಗೆ, ಅದರ ಮೇಲೆ ಟೆರೇಸು, ಟೆರೇಸಿನಲ್ಲಿ ಒಂದು ರೂಮು. ಮೆಟ್ಟಿಲು ಮನೆಯ ಒಳಗೇ ಇದೆ. ಫೈಬರ್ ಲೈನು ಕೆಳಗಿನ ಹಾಲ್‌ಗೆ ಬಂದು ಟಿವಿ ಹಿಂದೆ ನಿಂತಿದೆ. ಮೂರು ಡಬ್ಬಿಯ ಮೆಶ್ ಸೆಟ್ಟು. ಮುಖ್ಯ ನೋಡ್ ಟಿವಿ ಹಿಂದೆ, ಎರಡನೆಯದು ಮೊದಲ ಮಹಡಿಯ ಹಿಂದಿನ ರೂಮಿನಲ್ಲಿ ಅಣ್ಣನ ಆಫೀಸ್ ಮೇಜಿನ ಮೇಲೆ, ಮೂರನೆಯದು ಟೆರೇಸ್ ರೂಮಿನಲ್ಲಿ, ಯಾಕೆಂದರೆ ಅಣ್ಣನ ಮಗಳು ಓದುವುದು ಅಲ್ಲೇ.

"ಮೂರು ಡಬ್ಬಿ ತಂದರೂ ಇದೇ ಗೋಳು ಕಣೋ, ಇನ್ನೊಂದು ತರಿಸೋಣ ಅಂತಿದಾನೆ ನಿಮ್ಮಣ್ಣ" ಅಂದರು ದೊಡ್ಡಮ್ಮ. ನಾಲ್ಕನೆಯದು ತಂದಿದ್ದರೆ ಸರಿಹೋಗುತ್ತಿರಲಿಲ್ಲ. ಅದೂ ಅದೇ ಬಡಕಲು ಸಿಗ್ನಲ್ಲನ್ನು ಹಂಚಿಕೊಂಡು ಕೂರುತ್ತಿತ್ತು.

ಮೊದಲ ಪರೀಕ್ಷೆ ಸುಲಭ. ಮುಖ್ಯ ನೋಡ್‌ನಿಂದ ಒಂದು ಮೀಟರ್ ದೂರ ನಿಂತು ಸ್ಪೀಡ್ ಟೆಸ್ಟ್ ಮಾಡಿ. ಆಮೇಲೆ ಎರಡನೇ ನೋಡ್‌ನಿಂದ ಒಂದು ಮೀಟರ್ ದೂರ ನಿಂತು ಅದೇ ಫೋನಿನಲ್ಲಿ ಮಾಡಿ. ಆಮೇಲೆ ಮೂರನೆಯದರ ಹತ್ತಿರ. ಪ್ರತಿ ಜಾಗದಲ್ಲಿ ಫೋನಿನ ವೈಫೈ ಒಂದು ಸಲ ಆಫ್ ಮಾಡಿ ಆನ್ ಮಾಡಿ, ಇಲ್ಲವಾದರೆ ಅದು ಕೆಳಗಿನ ನೋಡನ್ನೇ ಹಿಡಿದುಕೊಂಡಿರಬಹುದು. ದೊಡ್ಡಮ್ಮನ ಮನೆಯದು 200 ಎಂಬಿಪಿಎಸ್ ಪ್ಲಾನು. ಕೆಳಗೆ 190 ಬಂತು, ಅಣ್ಣನ ಮೇಜಿನ ಹತ್ತಿರ 14, ಟೆರೇಸ್ ರೂಮಿನಲ್ಲಿ 4ಕ್ಕಿಂತ ಕಡಿಮೆ. ಕಡ್ಡಿಗಳು ಮೂರೂ ಕಡೆ ಫುಲ್.

ಮುಖ್ಯ ನೋಡ್ ಹತ್ತಿರವೇ ಸ್ಪೀಡು ಬಿದ್ದಿದ್ದರೆ ದೋಷ ಹೊರಗಿನ ಲೈನಿನದು ಅಥವಾ ಮುಖ್ಯ ಡಬ್ಬಿಯದು, ಈ ಬರಹದಿಂದ ಅದಕ್ಕೆ ಉಪಯೋಗವಿಲ್ಲ. ಮುಖ್ಯ ನೋಡ್ ಹತ್ತಿರ ಚೆನ್ನಾಗಿದ್ದು ಮುಂದಿನದರ ಪಕ್ಕದಲ್ಲೇ ಕೂತರೂ ಬರುತ್ತಿಲ್ಲ ಅಂದರೆ ಅದು ಬ್ಯಾಕ್‌ಹಾಲ್. ಇನ್ನೂ ಅನುಮಾನವಿದ್ದರೆ ಲ್ಯಾಪ್‌ಟಾಪನ್ನು ಎರಡನೇ ನೋಡ್ ಪಕ್ಕ ಇಟ್ಟು ಮುಖ್ಯ ನೋಡ್‌ನ ವಿಳಾಸಕ್ಕೆ ಪಿಂಗ್ ಮಾಡಿ, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ ಅಂತ ನೋಡಿ. ಆ ವಿಳಾಸ ಮೆಶ್ ಆಪ್‌ನಲ್ಲಿ ಇರುತ್ತದೆ, ಕೆಳಗಿನದು ಉದಾಹರಣೆಗೆ ಮಾತ್ರ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೀಗೆ:

```
ping -n 50 192.168.1.1
```

ಈ ಪರೀಕ್ಷೆ ನನಗೆ ತುಂಬಾ ಇಷ್ಟ, ಯಾಕೆಂದರೆ ಇದು ಮನೆಯಿಂದ ಹೊರಗೆ ಹೋಗುವುದೇ ಇಲ್ಲ. ಹೊರಗಿನ ಲೈನಿನ ತಪ್ಪು ಇದರಲ್ಲಿ ಬೆರೆಯುವುದಿಲ್ಲ. ದಾರಿ ಗಟ್ಟಿಯಾಗಿದ್ದರೆ ಉತ್ತರಗಳು ಕೆಲವೇ ಮಿಲಿಸೆಕೆಂಡಿನಲ್ಲಿ, ಒಂದೇ ಸಮ ಬರುತ್ತವೆ. ಅಣ್ಣನ ಮೇಜಿನ ಮೇಲೆ 6, 9, 140, 11, 320, ನಡುವೆ ಎರಡು ಮೂರು ಉತ್ತರ ಬರಲೇ ಇಲ್ಲ. ಕಾಲ್‌ನಲ್ಲಿ ಮುಖ ನಿಲ್ಲುತ್ತಿದ್ದದ್ದು ಈ 320ರ ಹೊತ್ತಿನಲ್ಲೇ.

ನೋಡ್ ಆಫ್ ಮಾಡಿ ಅಳೆಯಿರಿ

ಈಗ ಮುಖ್ಯ ವಿಷಯ. ಎರಡನೇ ನೋಡ್ ಇರುವ ಜಾಗದಲ್ಲಿ ಮೊದಲ ನೋಡ್‌ನ ಸಿಗ್ನಲ್ ಎಷ್ಟಿದೆ ಅಂತ ಗೊತ್ತಾಗಬೇಕು. ಎರಡನೇ ನೋಡ್ ಆನ್ ಇದ್ದರೆ ಫೋನು ಅದನ್ನೇ ಹಿಡಿಯುತ್ತದೆ, ಎಲ್ಲ ನೋಡ್‌ಗಳ ವೈಫೈ ಹೆಸರೂ ಒಂದೇ, ಹಾಗಾಗಿ ನಿಮಗೆ ಸಿಗುವ ಅಳತೆ ಸುಳ್ಳಾಗಿರುತ್ತದೆ. ಆದ್ದರಿಂದ ಮುಖ್ಯ ನೋಡ್ ಒಂದನ್ನು ಬಿಟ್ಟು ಉಳಿದ ಎಲ್ಲವನ್ನೂ ಪ್ಲಗ್ ತೆಗೆದು ಆಫ್ ಮಾಡಿ. ಈ ಒಂದು ಹೆಜ್ಜೆ ಬಿಟ್ಟರೆ ಮುಂದಿನದೆಲ್ಲ ವ್ಯರ್ಥ, ಬಹಳ ಜನ ಎಡವುವುದೇ ಇಲ್ಲಿ.

ಸಿಗ್ನಲ್ ಎಷ್ಟು ಗಟ್ಟಿ ಅಂತ ಅಳೆಯುವ ಮಾಪಿಗೆ ಡಿಬಿಎಂ ಅಂತ ಹೆಸರು. ಆಂಡ್ರಾಯ್ಡ್ ಫೋನಿನಲ್ಲಿ ಸಿಗ್ನಲ್ಲನ್ನು ಡಿಬಿಎಂನಲ್ಲಿ ತೋರಿಸುವ ಯಾವುದಾದರೂ ವೈಫೈ ಅನಲೈಸರ್ ಆಪ್ ಹಾಕಿಕೊಳ್ಳಿ. ಐಫೋನ್ ಆದರೆ AirPort Utility ಆಪ್ ಇಳಿಸಿ, ಸೆಟ್ಟಿಂಗ್ಸ್‌ನಲ್ಲಿ ಆ ಆಪ್‌ನ ಕೆಳಗೆ Wi-Fi Scanner ಆನ್ ಮಾಡಿ, ಆಗ ಅದೂ ಅಂಕಿ ತೋರಿಸುತ್ತದೆ. ಮ್ಯಾಕ್‌ನಲ್ಲಿ Option ಕೀ ಒತ್ತಿಕೊಂಡು ವೈಫೈ ಗುರುತಿನ ಮೇಲೆ ಕ್ಲಿಕ್ ಮಾಡಿದರೆ RSSI ಅಂತ ಕಾಣುತ್ತದೆ, ಅದೂ ಇದೇ ಅಂಕಿ. ವಿಂಡೋಸ್ ಲ್ಯಾಪ್‌ಟಾಪ್ ಹಿಡಿದು ಓಡಾಡುವುದಾದರೆ ಇದು:

```
netsh wlan show interfaces
```

ಇದರಲ್ಲಿ Signal ಅಂತ ಶೇಕಡಾ ಲೆಕ್ಕದಲ್ಲಿ ಬರುತ್ತದೆ. ಅದನ್ನು ಅರ್ಧ ಮಾಡಿ 100 ಕಳೆದರೆ ಹತ್ತಿರ ಹತ್ತಿರ ಡಿಬಿಎಂ ಸಿಗುತ್ತದೆ. 80% ಅಂದರೆ -60, 60% ಅಂದರೆ -70.

ಈ ಅಂಕಿಗಳನ್ನು ಓದುವುದು ಹೇಗೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಲ್ಲ ಮೈನಸ್‌ನಲ್ಲೇ ಇರುತ್ತವೆ. -50 ಅಂದರೆ -60ಕ್ಕಿಂತ ಗಟ್ಟಿ ಸಿಗ್ನಲ್. ಮತ್ತೆ ಇದು ಮಾಮೂಲಿ ಲೆಕ್ಕವಲ್ಲ: 3 ಕಮ್ಮಿಯಾದರೆ ಸಿಗ್ನಲ್‌ನ ಶಕ್ತಿ ಅರ್ಧವಾಯಿತು, 10 ಕಮ್ಮಿಯಾದರೆ ಹತ್ತನೇ ಒಂದು ಭಾಗವಾಯಿತು. ಹಾಗಾಗಿ -60ರಿಂದ -80ಕ್ಕೆ ಇಳಿಯಿತು ಅಂದರೆ ನೂರರಲ್ಲಿ ಒಂದು ಪಾಲು ಉಳಿಯಿತು ಅಂತ. ನೋಡ್ ಇಡುವ ಜಾಗಕ್ಕೆ ನಾನು ಇಟ್ಟುಕೊಂಡಿರುವ ಗೆರೆ ಇದು: 5 ಗಿಗಾಹರ್ಟ್ಸ್‌ನಲ್ಲಿ -50ರಿಂದ -65ರ ಒಳಗೆ ಇದ್ದರೆ ಧೈರ್ಯವಾಗಿ ಇಡಿ. -65ರಿಂದ -70 ಆದರೆ ಬೇರೆ ದಾರಿ ಇಲ್ಲದಿದ್ದಾಗ ಮಾತ್ರ. -70 ದಾಟಿದರೆ ಅಲ್ಲಿ ಇಡಬೇಡಿ. ಫೋನಿನಲ್ಲಿ ನೆಟ್ ನೋಡಲು -70 ಸಾಕಾಗಬಹುದು, ಆದರೆ ಒಂದು ಇಡೀ ಮಹಡಿಯ ಜನ ಆ ನೋಡ್ ಮೇಲೆ ನಿಂತಿರುತ್ತಾರೆ, ಅದಕ್ಕೆ ಸಾಲುವುದಿಲ್ಲ.

5 ಗಿಗಾಹರ್ಟ್ಸ್ ಅಂತ ಒತ್ತಿ ಹೇಳಲು ಕಾರಣವಿದೆ. ಆಪ್‌ನಲ್ಲಿ ನಿಮ್ಮ ವೈಫೈ ಹೆಸರು ಕನಿಷ್ಠ ಎರಡು ಸಲ ಕಾಣುತ್ತದೆ, ಒಂದು 2.4 ಗಿಗಾಹರ್ಟ್ಸ್ ಬ್ಯಾಂಡಿನದು, ಇನ್ನೊಂದು 5ರದು. ಚಾನೆಲ್ ನಂಬರ್ 1ರಿಂದ 13ರ ಒಳಗಿದ್ದರೆ ಅದು 2.4. 36 ಅಥವಾ ಅದಕ್ಕಿಂತ ಮೇಲಿದ್ದರೆ 5. ಗೋಡೆ ದಾಟುವುದರಲ್ಲಿ 2.4 ಮುಂದು, ಹಾಗಾಗಿ ಅದರ ಅಂಕಿ ಯಾವಾಗಲೂ ಚೆನ್ನಾಗೇ ಕಾಣುತ್ತದೆ, ಅದನ್ನು ನೋಡಿ ಸಮಾಧಾನಪಟ್ಟುಕೊಂಡರೆ ಮೋಸ ಹೋಗುತ್ತೀರಿ. ಸಾಮಾನ್ಯ ಮೆಶ್‌ಗಳು ನೋಡ್‌ನಿಂದ ನೋಡ್‌ಗೆ ಮಾತಾಡುವುದು ಹೆಚ್ಚಾಗಿ 5ರಲ್ಲೇ. ಅದು ತೀರಾ ಬಡವಾದಾಗ ಕೆಲವು ಸೆಟ್ಟುಗಳು 2.4ಕ್ಕೆ ಇಳಿದುಬಿಡುತ್ತವೆ, ಆಗ ನೋಡ್‌ನ ದೀಪ ಸರಿಯಾಗೇ ಉರಿಯುತ್ತದೆ, ಆಪ್‌ನಲ್ಲೂ ಕನೆಕ್ಟೆಡ್ ಅಂತಲೇ ಬರುತ್ತದೆ, ಸ್ಪೀಡು ಮಾತ್ರ ಪಾತಾಳಕ್ಕೆ ಹೋಗಿರುತ್ತದೆ.

ಅಳೆಯುವಾಗ ಒಂದೇ ಫೋನ್ ಬಳಸಿ. ಬೇರೆ ಬೇರೆ ಫೋನುಗಳ ಅಂಕಿಯಲ್ಲಿ ಸುಮಾರು ವ್ಯತ್ಯಾಸವಿರುತ್ತದೆ. ಎದೆಯ ಎತ್ತರದಲ್ಲಿ ಹಿಡಿಯಿರಿ, ಮತ್ತು ನಿಂತಲ್ಲೇ ಒಂದು ಸುತ್ತು ತಿರುಗಿ, ಯಾಕೆಂದರೆ ನಿಮ್ಮ ಮೈಯೇ ಸಿಗ್ನಲ್‌ಗೆ ಅಡ್ಡವಾಗುತ್ತದೆ. ಇನ್ನೊಂದು ಗುಟ್ಟು: ಆಂಡ್ರಾಯ್ಡ್ 9ರಿಂದ ಈಚೆಗೆ ಇಂಥ ಆಪ್‌ಗಳು ಎರಡು ನಿಮಿಷಕ್ಕೆ ನಾಲ್ಕು ಸಲ ಮಾತ್ರ ಸ್ಕ್ಯಾನ್ ಮಾಡಬಹುದು. ನೀವು ನಡೆದುಕೊಂಡೇ ಓದಿದರೆ ಮೇಲಿನ ಮೆಟ್ಟಿಲಲ್ಲಿ ನಿಂತು ಕೆಳಗಿನ ಮೆಟ್ಟಿಲಿನ ಅಂಕಿ ಓದುತ್ತಿರುತ್ತೀರಿ. ಒಂದೊಂದು ಜಾಗದಲ್ಲೂ ಒಂದು ನಿಮಿಷ ಸುಮ್ನೆ ನಿಲ್ಲಿ. ಬಾಗಿಲುಗಳು ದಿನಾ ಹೇಗಿರುತ್ತವೋ ಹಾಗೇ ಇರಲಿ, ಅಳೆಯಲು ಅಂತ ತೆರೆದಿಡಬೇಡಿ.

ದೊಡ್ಡಮ್ಮನ ಮನೆಯ ಅಂಕಿಗಳು

ಅಣ್ಣನ ಮೇಜಿನ ಮೇಲೆ, ನೋಡ್ ಇದ್ದ ಜಾಗದಲ್ಲೇ ಫೋನ್ ಇಟ್ಟೆ. ಮುಖ್ಯ ನೋಡ್‌ನ 5 ಗಿಗಾಹರ್ಟ್ಸ್ ಸಿಗ್ನಲ್ -82. ಆ ಡಬ್ಬಿ ಇಷ್ಟು ದಿನ ಕನೆಕ್ಟ್ ಆಗಿದ್ದೇ ಹೆಚ್ಚು. ಅಣ್ಣ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. "ಅಂದ್ರೆ ಇದಕ್ಕೇ ಊಟ ಸಿಕ್ಕಿಲ್ಲ, ಇದು ನಮಗೆ ಏನು ಬಡಿಸುತ್ತೆ" ಅಂದರು. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ.

ಯಾಕೆ ಹೀಗಾಯಿತು ಅಂತ ಗೊತ್ತಾಗಲು ಮನೆಯನ್ನು ಪಕ್ಕದಿಂದ ಸೀಳಿದ ಹಾಗೆ ಕಲ್ಪಿಸಿಕೊಳ್ಳಿ. ಮುಖ್ಯ ನೋಡ್ ಕೆಳಗೆ, ಮುಂದುಗಡೆ. ಅಣ್ಣನ ಮೇಜು ಮೇಲೆ, ಹಿಂದುಗಡೆ. ನಡುವೆ ಕಬ್ಬಿಣದ ಸರಳು ಹಾಕಿದ ಆರ್‌ಸಿಸಿ ಸ್ಲ್ಯಾಬು, ಅದನ್ನು ಸಿಗ್ನಲ್ ನೇರವಾಗಿ ಅಲ್ಲ, ಓರೆಯಾಗಿ ದಾಟಬೇಕು. ಓರೆಯಾದಷ್ಟೂ ಒಳಗೆ ಹಾಯಬೇಕಾದ ಕಾಂಕ್ರೀಟು ಜಾಸ್ತಿ. ಅದಾದ ಮೇಲೆ ಸಾಲಿಡ್ ಬ್ಲಾಕಿನ ಎರಡು ಗೋಡೆ, ಒಂದು ಗೋಡೆಗೆ ಒರಗಿಸಿದ ಗಾಡ್ರೇಜ್ ಬೀರು. ಲೋಹದ ಬೀರು, ಬೀರುವಿನ ಕನ್ನಡಿ, ಫ್ರಿಜ್ಜು ಇವೆಲ್ಲ ಸಿಗ್ನಲ್ಲನ್ನು ಹಿಂದಕ್ಕೆ ಎರಚುತ್ತವೆ. ನೀರು ತುಂಬಿದ ಟ್ಯಾಂಕು ನುಂಗಿಹಾಕುತ್ತದೆ.

ಆದರೆ ಮನೆಯೊಳಗೆ ಸ್ಲ್ಯಾಬಿಗೆ ಒಂದು ದೊಡ್ಡ ತೂತು ಇದೆ ಅಲ್ವಾ? ಮೆಟ್ಟಿಲು. ಒಳಗೇ ಮೆಟ್ಟಿಲಿರುವ ಮನೆಯಲ್ಲಿ ನೋಡ್‌ಗೆ ಜಾಗ ಹುಡುಕಲು ಮೊದಲು ನಡೆಯಬೇಕಾದ ದಾರಿ ಅದೇ. ಕೆಳಗಿನಿಂದ ಶುರುಮಾಡಿ ಹತ್ತುತ್ತಾ ಅಳೆದೆ. ಮೆಟ್ಟಿಲ ಬುಡದಲ್ಲಿ -53, ಅರ್ಧದ ತಿರುವಿನಲ್ಲಿ -61, ಮೊದಲ ಮಹಡಿಯ ಮೆಟ್ಟಿಲ ತುದಿಯಲ್ಲಿ -68, ಅಣ್ಣನ ರೂಮಿನ ಬಾಗಿಲಲ್ಲಿ -76, ಮೇಜಿನ ಹತ್ತಿರ -82. ಮೆಟ್ಟಿಲ ತುದಿ ಗೆರೆಯ ಹತ್ತಿರ ಬಂದು ನಿಂತಿತ್ತು, ಒಳಗೆ ಬರಲಿಲ್ಲ.

ಆಗ ಮುಖ್ಯ ನೋಡ್ ಕಡೆ ಹೋದೆ. ಅದು ಟಿವಿಯ ಹಿಂದೆ, ಶೋಕೇಸಿನ ಗೂಡಿನೊಳಗೆ ಇತ್ತು. ಮುಂದೆ 55 ಇಂಚಿನ ಟಿವಿ, ಅದರ ಬೆನ್ನಿಗೆ ಪೂರ್ತಿ ಲೋಹದ ತಗಡು. ಮೂರು ಮೀಟರಿನ ಒಂದು ಲ್ಯಾನ್ ಕೇಬಲ್ ತಂದು, ಫೈಬರ್ ಬಾಕ್ಸನ್ನು ಇದ್ದಲ್ಲೇ ಬಿಟ್ಟು, ಮುಖ್ಯ ನೋಡ್ ಮಾತ್ರ ಶೋಕೇಸಿನ ಮೇಲಕ್ಕೆ, ಮೆಟ್ಟಿಲು ಕಾಣುವ ಮೂಲೆಗೆ ತಂದಿಟ್ಟೆವು. ಫೈಬರ್ ಎಳೆಯನ್ನು ಎಳೆದಾಡಬೇಡಿ, ಚೂಪಾಗಿ ಮಡಚಿದರೆ ಒಳಗಿನ ಗಾಜು ಮುರಿಯುತ್ತದೆ, ಆಮೇಲೆ ಆ ಲೈನೇ ಇರುವುದಿಲ್ಲ. ಲ್ಯಾನ್ ಕೇಬಲ್ಲಿಗೆ ಆ ಭಯವಿಲ್ಲ.

ಮತ್ತೆ ಹತ್ತಿ ಅಳೆದೆ. ತಿರುವಿನಲ್ಲಿ -54. ಮೆಟ್ಟಿಲ ತುದಿಯಲ್ಲಿ -61. ಒಂದು ಡಬ್ಬಿಯನ್ನು ಐದಡಿ ಸರಿಸಿದ್ದಕ್ಕೆ 7 ಡಿಬಿ ಗಳಿಕೆ, ಅಂದರೆ ಐದು ಪಟ್ಟು ಶಕ್ತಿ. ಆದ್ದರಿಂದ ಎರಡನೇ ನೋಡ್ ಜಾಗ ಹುಡುಕುವ ಮೊದಲು ಮುಖ್ಯ ನೋಡ್ ಎಲ್ಲಿ ಅವಿತುಕೊಂಡಿದೆ ಅಂತ ನೋಡಿ.

ಈಗ ಎರಡು ಜಾಗ ಯೋಗ್ಯವಾದವು, ತಿರುವು ಮತ್ತು ಮೆಟ್ಟಿಲ ತುದಿ. -54 ಜಾಸ್ತಿ ಗಟ್ಟಿ, ಹಾಗಾದರೆ ತಿರುವೇ ಒಳ್ಳೆಯದಲ್ವಾ ಅಂತ ಅಣ್ಣ ಕೇಳಿದರು. ಅಲ್ಲ. ಗಟ್ಟಿ ಸಿಗ್ನಲ್ ಬೇಕು ಅಂತ ಮುಖ್ಯ ನೋಡ್‌ಗೆ ತೀರಾ ಹತ್ತಿರ ಇಟ್ಟರೆ ಎರಡೂ ಒಂದೇ ಜಾಗವನ್ನು ಬೆಳಗುತ್ತವೆ, ಅಣ್ಣನ ರೂಮು ಕತ್ತಲಲ್ಲೇ ಉಳಿಯುತ್ತದೆ. ಗೆರೆಯ ಒಳಗೆ ಇದ್ದುಕೊಂಡು ಎಷ್ಟು ಮುಂದೆ ಹೋಗಲು ಸಾಧ್ಯವೋ ಅಷ್ಟು ಮುಂದಿನ ಜಾಗವೇ ಸರಿ. -61 ಇರುವ ಮೆಟ್ಟಿಲ ತುದಿಯಲ್ಲಿ ಒಂದು ಸ್ವಿಚ್ ಬೋರ್ಡ್ ಇತ್ತು, ಪಕ್ಕದಲ್ಲಿ ಸಣ್ಣ ಕಟ್ಟೆ. ಎರಡನೇ ನೋಡ್ ಅಲ್ಲಿ ಕೂತಿತು.

ಅಣ್ಣನಿಗೆ ಮೊದಮೊದಲು ಸಮಾಧಾನವಾಗಲಿಲ್ಲ, ಡಬ್ಬಿ ತಮ್ಮ ರೂಮಿನಿಂದ ಆಚೆ ಹೋಯಿತಲ್ಲ. ಫೋನಿನಲ್ಲಿ ಒಂದು ಕಡ್ಡಿ ಕಡಿಮೆಯೂ ಆಯಿತು. ಮೇಜಿನ ಹತ್ತಿರ ಮೊದಲು ನೋಡ್‌ನಿಂದ -38 ಬರುತ್ತಿತ್ತು, ಈಗ -57. ಆದರೆ ಸ್ಪೀಡು 14 ಇದ್ದದ್ದು 95ಕ್ಕೆ ಏರಿತು. ಪಿಂಗ್ 4, 5, 4, 7 ಅಂತ ಒಂದೇ ಸಮ ಬಂತು. ಕಡ್ಡಿ ಇಳಿದು ಸ್ಪೀಡು ಏರಿದ್ದನ್ನು ಕಣ್ಣಾರೆ ನೋಡಿದ ಮೇಲೆ ಅವರು ಕಡ್ಡಿಯ ಮಾತು ಬಿಟ್ಟರು.

95 ಯಾಕೆ, 190 ಯಾಕಲ್ಲ ಅಂತ ಕೇಳಬಹುದು. ಇದು ಎರಡು ಬ್ಯಾಂಡಿನ ಸೆಟ್ಟು. ಎರಡನೇ ನೋಡ್ ಒಂದೇ 5 ಗಿಗಾಹರ್ಟ್ಸ್ ರೇಡಿಯೋದಲ್ಲಿ ಕೆಳಗಿನಿಂದ ಪಡೆಯಬೇಕು, ಅದೇ ರೇಡಿಯೋದಲ್ಲಿ ಫೋನಿಗೆ ಕೊಡಬೇಕು. ಎರಡು ಕೆಲಸ ಒಟ್ಟಿಗೆ ಆಗುವುದಿಲ್ಲ, ಸರದಿಯಲ್ಲಿ ಆಗುತ್ತದೆ. ಹಾಗಾಗಿ ಒಂದು ನೋಡ್‌ನಿಂದ ಮುಂದಿನದಕ್ಕೆ ಹೋಗುವ ಪ್ರತಿ ಜಿಗಿತಕ್ಕೂ ಸುಮಾರು ಅರ್ಧ ಕಳೆದುಕೊಳ್ಳುವುದು ಸಹಜ, ಅದು ದೋಷವಲ್ಲ. ಬ್ಯಾಕ್‌ಹಾಲ್‌ಗೇ ಪ್ರತ್ಯೇಕ ರೇಡಿಯೋ ಇರುವ ಮೂರು ಬ್ಯಾಂಡಿನ ಸೆಟ್ಟಿನಲ್ಲಿ ಈ ನಷ್ಟ ಕಡಿಮೆ. ಆದರೆ 190 ಇದ್ದದ್ದು 14 ಆಗುವುದು ಜಿಗಿತದ ನಷ್ಟ ಅಲ್ಲವೇ ಅಲ್ಲ, ಅದು ಬಡ ಸಿಗ್ನಲ್‌ನ ಕೆಲಸ. ಸಿಗ್ನಲ್ ಬಡವಾದಾಗ ನೋಡ್‌ಗಳು ನಿಧಾನದ ಭಾಷೆಗೆ ಇಳಿಯುತ್ತವೆ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತವೆ, ಅಷ್ಟು ಹೊತ್ತೂ ಆ ಚಾನೆಲ್ ಬೇರೆ ಯಾರಿಗೂ ಸಿಗುವುದಿಲ್ಲ. ಅಣ್ಣ ಮೇಲೆ ದೊಡ್ಡ ಫೈಲ್ ಕಳಿಸುವಾಗ ಕೆಳಗೆ ದೊಡ್ಡಮ್ಮನ ಧಾರಾವಾಹಿ ನಿಲ್ಲುತ್ತಿದ್ದದ್ದು ಈ ಕಾರಣಕ್ಕೇ. ನೋಡ್ ಜಾಗ ಬದಲಾದ ಮೇಲೆ ಆ ಕಾಟವೂ ತಪ್ಪಿತು.

ಮೂರನೆಯದು, ಎರಡನೆಯದು ಕೂತ ಮೇಲೆಯೇ

ಮೂರನೇ ನೋಡ್‌ಗೆ ಲೆಕ್ಕ ಮುಖ್ಯ ನೋಡ್‌ನಿಂದ ಅಲ್ಲ, ಎರಡನೆಯದರಿಂದ. ಎರಡನೆಯದನ್ನು ಸರಿಸಿದ ಕೂಡಲೇ ಮೂರನೆಯದರ ಹಳೆಯ ಅಳತೆಗಳೆಲ್ಲ ರದ್ದು. ಹಾಗಾಗಿ ಯಾವಾಗಲೂ ಬುಡದಿಂದ ತುದಿಗೆ ಬನ್ನಿ, ನಡುವಿನಿಂದ ಶುರುಮಾಡಬೇಡಿ.

ಎರಡನೆಯದನ್ನು ಆನ್ ಮಾಡಿ, ಮೂರನೆಯದನ್ನು ಆಫ್ ಇಟ್ಟು ಟೆರೇಸ್ ಕಡೆ ಹತ್ತಿದೆ. ಈಗ ಆಪ್‌ನಲ್ಲಿ ಒಂದೇ ಹೆಸರಿನ ಎರಡು 5 ಗಿಗಾಹರ್ಟ್ಸ್ ಸಾಲು ಕಾಣುತ್ತವೆ, ಒಂದು ಕೆಳಗಿನ ನೋಡ್‌ನದು, ಇನ್ನೊಂದು ಎರಡನೆಯದರದು. BSSID ಅಂತ ಇರುವ ಉದ್ದದ ನಂಬರು ಬೇರೆ ಬೇರೆ ಇರುತ್ತದೆ. ಎರಡನೇ ನೋಡ್ ಪಕ್ಕ ನಿಂತಾಗ ಯಾವುದು ಗಟ್ಟಿಯಾಗಿ ಕಾಣುತ್ತದೋ ಅದರ ಕೊನೆಯ ನಾಲ್ಕು ಅಕ್ಷರ ಬರೆದಿಟ್ಟುಕೊಳ್ಳಿ, ಮೇಲೆ ಹೋದಾಗ ಅದೇ ಸಾಲನ್ನು ಓದಿ.

ಟೆರೇಸ್ ರೂಮಿನೊಳಗೆ -79. ರೂಮಿಗೆ ಕಬ್ಬಿಣದ ಬಾಗಿಲು, ಪಕ್ಕದಲ್ಲೇ ನೀರಿನ ಟ್ಯಾಂಕು. ಮೆಟ್ಟಿಲು ಮುಗಿಯುವ ಹೆಡ್‌ರೂಮಿನಲ್ಲಿ -64. ಹೆಡ್‌ರೂಮಿಗೂ ಆ ರೂಮಿಗೂ ಒಂದೇ ಗೋಡೆ, ಅದರಲ್ಲೊಂದು ಸಣ್ಣ ಕಿಟಕಿ. ಮೂರನೆಯದನ್ನು ಆ ಕಿಟಕಿಯ ಎತ್ತರಕ್ಕೆ ಒಂದು ಹಲಗೆ ಹೊಡೆದು ಇಟ್ಟೆವು, ಮಳೆ ಎರಚಲು ಬಾರದ ಕಡೆ ನೋಡಿಕೊಂಡು.

ಆದರೂ ಸ್ಪೀಡು 7ರ ಮೇಲೆ ಏರಲಿಲ್ಲ. ಅಳತೆ ಸರಿ ಇದೆ, ಜಾಗ ಸರಿ ಇದೆ, ಫಲ ಇಲ್ಲ. ಮೆಶ್ ಆಪ್‌ನಲ್ಲಿ ಯಾವ ನೋಡ್ ಯಾವುದಕ್ಕೆ ಜೋಡಿಕೊಂಡಿದೆ ಅಂತ ತೋರಿಸುವ ಚಿತ್ರ ತೆಗೆದೆ. ಮೂರನೆಯದು ಎರಡನೆಯದನ್ನು ಬಿಟ್ಟು ಎರಡು ಮಹಡಿ ಕೆಳಗಿನ ಮುಖ್ಯ ನೋಡ್‌ಗೇ ನೇರ ಅಂಟಿಕೊಂಡಿತ್ತು. ನಾನು ಅವಸರದಲ್ಲಿ ಎರಡನೆಯದನ್ನೂ ಒಮ್ಮೆ ಆಫ್ ಮಾಡಿ, ಎರಡನ್ನೂ ಒಟ್ಟಿಗೆ ಆನ್ ಮಾಡಿದ್ದೆ, ಎರಡನೆಯದು ಇನ್ನೂ ಏಳುತ್ತಿರುವಾಗಲೇ ಮೂರನೆಯದು ಸಿಕ್ಕಿದ್ದನ್ನು ಹಿಡಿದುಕೊಂಡಿತು. ಮೂರನೆಯದರ ಪ್ಲಗ್ ತೆಗೆದು, ಎರಡನೆಯದರ ದೀಪ ಸ್ಥಿರವಾಗಿದೆ ಅಂತ ನೋಡಿಕೊಂಡು, ಮತ್ತೆ ಹಾಕಿದೆ. ಐದು ನಿಮಿಷದಲ್ಲಿ ಚಿತ್ರ ಬದಲಾಯಿತು, ಟೆರೇಸ್ ರೂಮಿನಲ್ಲಿ 45 ಬಂತು. ಎರಡು ಜಿಗಿತದ ನಂತರ ಈ ಸೆಟ್ಟಿನಲ್ಲಿ ಅದು ನ್ಯಾಯವಾದ ಅಂಕಿ. ನೋಡ್ ಸರಿಸಿದಾಗಲೆಲ್ಲ ಈ ಚಿತ್ರ ನೋಡುವುದನ್ನು ಮರೆಯಬೇಡಿ. ಕೆಲವು ಆಪ್‌ಗಳು ಬ್ಯಾಕ್‌ಹಾಲ್ 5 ಗಿಗಾಹರ್ಟ್ಸೋ 2.4ಓ ಅಂತಲೂ ತೋರಿಸುತ್ತವೆ, 2.4 ಅಂತಿದ್ದರೆ ಜಾಗ ಇನ್ನೂ ಸರಿಯಾಗಿಲ್ಲ ಅಂತಲೇ ಅರ್ಥ.

ಜಾಗ ಸರಿಯಿದ್ದೂ ಸರಪಳಿ ಕಡಿಯುವುದು

ಒಂದು ವಾರದ ನಂತರ ಅಣ್ಣ ಫೋನ್ ಮಾಡಿದರು. ಸಂಜೆ ಕರೆಂಟ್ ಹೋದಾಗ ಟೆರೇಸ್ ರೂಮಿನಲ್ಲಿ ನೆಟ್ ಪೂರ್ತಿ ಹೋಗುತ್ತದೆ, ಮೂರನೇ ನೋಡ್ ದೀಪ ಮಾತ್ರ ಉರಿಯುತ್ತಿರುತ್ತದೆ, ಕೆಳಗೆ ಹಾಲ್‌ನಲ್ಲಿ ಎಲ್ಲ ಸರಿ ಇದೆ ಅಂತ. ಕಾರಣ ಸರಳ. ಮನೆಗೆ ಯುಪಿಎಸ್ ಇದೆ, ಆದರೆ ಅದರ ಲೈನು ಎಲ್ಲ ಸಾಕೆಟ್‌ಗೂ ಇಲ್ಲ. ಹಾಲ್‌ನ ಸಾಕೆಟ್‌ಗೂ, ಹೆಡ್‌ರೂಮಿಗೆ ವೈರ್ ಎಳೆದಿದ್ದ ಟೆರೇಸ್ ರೂಮಿನ ಸಾಕೆಟ್‌ಗೂ ಇತ್ತು. ಮೆಟ್ಟಿಲ ತುದಿಯ ಬೋರ್ಡಿಗೆ ಇರಲಿಲ್ಲ. ನಡುವಿನ ನೋಡ್ ಸತ್ತರೆ ಅದರ ಮೇಲೆ ನಿಂತಿದ್ದದ್ದು ಅನಾಥ, ಅಥವಾ ಮತ್ತೆ ಮುಖ್ಯ ನೋಡ್‌ನ ಬಡ ಸಿಗ್ನಲ್‌ಗೆ ಜೋತುಬೀಳುತ್ತದೆ. ಕರೆಂಟ್ ಬಂದ ಮೇಲೂ ಅದು ಹಾಗೇ ಜೋತುಕೊಂಡಿದ್ದು, "ನಿನ್ನೆವರೆಗೆ ಚೆನ್ನಾಗಿತ್ತು, ಇವತ್ತು ಇದ್ದಕ್ಕಿದ್ದ ಹಾಗೆ ನಿಧಾನ" ಅನ್ನುವ ದೂರು ಬರುವುದು ಎಷ್ಟೋ ಸಲ ಹೀಗೇ. ಎಲೆಕ್ಟ್ರಿಷಿಯನ್ ಬಂದು ಆ ಬೋರ್ಡಿನ ಒಂದು ಸಾಕೆಟ್ಟನ್ನು ಯುಪಿಎಸ್ ಲೈನಿಗೆ ಕೊಟ್ಟರು. ಜಾಗ ಆರಿಸುವಾಗಲೇ ಸಾಕೆಟ್ ಯಾವ ಲೈನಿನದು ಅಂತ ಕೇಳಿಕೊಂಡರೆ ಈ ಸುತ್ತು ಉಳಿಯುತ್ತದೆ.

ಮೆಟ್ಟಿಲು ಹೊರಗಿದ್ದರೆ

ಮೇಲಿನ ಮಹಡಿ ಬಾಡಿಗೆಗೆ ಕೊಡಲು ಅಂತ ಮೆಟ್ಟಿಲನ್ನು ಹೊರಗೆ ಕಟ್ಟಿದ ಮನೆಗಳೂ ಇಲ್ಲಿ ಬೇಕಾದಷ್ಟಿವೆ. ಅಲ್ಲಿ ಸ್ಲ್ಯಾಬಿಗೆ ತೂತೇ ಇರುವುದಿಲ್ಲ, ನೇರವಾಗಿ ಕಾಂಕ್ರೀಟ್ ದಾಟಿಸಬೇಕು. ಆಗ ಎರಡನೇ ನೋಡನ್ನು ಮುಖ್ಯ ನೋಡ್‌ನ ತಲೆಯ ಮೇಲಿನ ರೂಮಿನಲ್ಲೇ ಇಟ್ಟು ನೋಡಿ, ಓರೆ ದಾರಿಗಿಂತ ನೇರ ದಾರಿಯಲ್ಲಿ ಕಾಂಕ್ರೀಟು ಕಡಿಮೆ. ಆದರೆ ಪೂರ್ತಿ ಕರಾರುವಾಕ್ಕಾಗಿ ಮೇಲೆಯೇ ಬೇಡ, ಎರಡು ಮೂರು ಅಡಿ ಪಕ್ಕಕ್ಕೆ ಸರಿಸಿ ಎರಡು ಮೂರು ಕಡೆ ಅಳೆಯಿರಿ, ಯಾಕೆಂದರೆ ನೆಟ್ಟಗೆ ನಿಂತ ಆಂಟೆನಾ ಸುತ್ತಲೂ ಚೆನ್ನಾಗಿ ಹರಡುತ್ತದೆ, ತನ್ನ ನೆತ್ತಿಯ ಕಡೆಗೆ ತೀರಾ ಕಮ್ಮಿ. ಎಲ್ಲಿ ಅಳೆದರೂ -70ಕ್ಕಿಂತ ಒಳಗೆ ಬರಲಿಲ್ಲ ಅಂದರೆ ಜಾಗ ಹುಡುಕುವುದನ್ನು ನಿಲ್ಲಿಸಿ ಕೇಬಲ್ ಎಳೆಸಿ. ಹಳೆಯ ಟಿವಿ ಕೇಬಲ್‌ಗೆ ಅಂತ ಗೋಡೆಯೊಳಗೆ ಹಾಕಿದ ಪಿವಿಸಿ ಪೈಪು ಎಷ್ಟೋ ಮನೆಗಳಲ್ಲಿ ಖಾಲಿ ಬಿದ್ದಿರುತ್ತದೆ, ಒಂದು ಕ್ಯಾಟ್ 6 ಕೇಬಲ್ ಅದರಲ್ಲೇ ಹೋಗುತ್ತದೆ, 100 ಮೀಟರ್‌ವರೆಗೆ ಚಿಂತೆಯಿಲ್ಲ. ಕೇಬಲ್ ಸೇರಿದ ನೋಡ್‌ಗೆ ಹಿಂದಿನ ನೋಡ್‌ನ ಸಿಗ್ನಲ್ ಬೇಕಾಗಿಲ್ಲ, ಆಗ ಅದನ್ನು ಅಣ್ಣನ ಮೇಜಿನ ಮೇಲೂ ಇಡಬಹುದು. ಕೇಬಲ್ ಹಾಕಿದ ಮೇಲೂ ಸ್ಪೀಡು 95ರ ಹತ್ತಿರ ಗಟ್ಟಿಯಾಗಿ ನಿಂತುಬಿಟ್ಟರೆ ಕೇಬಲ್ ತುದಿಯ ಕ್ಲಿಪ್ಪನ್ನು ಮತ್ತೆ ಹೊಡೆಸಿ ನೋಡಿ: ಎಂಟು ಎಳೆಯಲ್ಲಿ ಒಂದು ಸರಿಯಾಗಿ ಕೂರದಿದ್ದರೂ ಲಿಂಕು 100ಕ್ಕೆ ಇಳಿಯಬಹುದು. ನೋಡ್‌ನ ಪೋರ್ಟೇ 100ರದ್ದಾಗಿದ್ದರೆ ಅಷ್ಟೇ, ಅದಕ್ಕಿಂತ ಜಾಸ್ತಿ ಬರುವುದಿಲ್ಲ.